ಹಾರ್ಮೋನ್ ಚಿಕಿತ್ಸೆಗೆ ಮುಂಚೆ ಮಕ್ಕಳ ಮಾತು

ಲಿಂಗತ್ವ ಅಲ್ಪಸಂಖ್ಯಾತರಲ್ಲಿ ಅನೇಕರು ತಮ್ಮ ದೇಹವನ್ನು ತಮ್ಮ ಅರಿವಿಗೆ ಹತ್ತಿರ ತಂದುಕೊಳ್ಳಲು ಹಾರ್ಮೋನ್ ಚಿಕಿತ್ಸೆ ಪಡೆಯುತ್ತಾರೆ. ಟ್ರಾನ್ಸ್ ಮಹಿಳೆಯರಿಗೆ ಎಸ್ಟ್ರಾಡಿಯೋಲ್ ಕೊಡುತ್ತಾರೆ, ಜೊತೆಗೆ ಟೆಸ್ಟೋಸ್ಟೆರಾನಿನ ಪ್ರಭಾವ ತಗ್ಗಿಸುವ ಸ್ಪೈರೊನೊಲ್ಯಾಕ್ಟೋನ್ ಅಥವಾ ಸೈಪ್ರೊಟೆರೋನ್ ಮಾತ್ರೆ. ಟ್ರಾನ್ಸ್ ಪುರುಷರಿಗೆ ಸಾಮಾನ್ಯವಾಗಿ ಟೆಸ್ಟೋಸ್ಟೆರಾನ್ ಇಂಜೆಕ್ಷನ್ ಒಂದೇ ಸಾಕಾಗುತ್ತದೆ. ಚಿಕಿತ್ಸೆ ನಿಲ್ಲಿಸಿದರೆ ಕೆಲವು ಬದಲಾವಣೆಗಳು ಹಿಂದಕ್ಕೆ ಹೋಗುತ್ತವೆ. ಒಮ್ಮೆ ಬೆಳೆದ ಸ್ತನ, ಒಮ್ಮೆ ಗಡುಸಾದ ದನಿ ಹಾಗೆಯೇ ಉಳಿಯುತ್ತವೆ. ಮಕ್ಕಳಾಗುವ ಶಕ್ತಿ ಈ ಎರಡರ ನಡುವೆ ಇದೆ: ಮರಳಲೂಬಹುದು, ಮರಳದಿರಲೂಬಹುದು, ಯಾರಿಗೆ ಏನಾಗುತ್ತದೆಂದು ಮುಂಚಿತವಾಗಿ ಹೇಳಲು ಬರುವುದಿಲ್ಲ. ಅದಕ್ಕಾಗಿಯೇ ಅಂತಃಸ್ರಾವ ತಜ್ಞರ ಅಂತರರಾಷ್ಟ್ರೀಯ ಸಂಘವು 2017ರಲ್ಲಿ, ಲಿಂಗತ್ವ ಆರೋಗ್ಯ ತಜ್ಞರ ಜಾಗತಿಕ ಸಂಘವು 2022ರಲ್ಲಿ ಹೊರತಂದ ಮಾರ್ಗಸೂಚಿಗಳೆರಡೂ ಈ ಮಾತುಕತೆ ಔಷಧಿಗಿಂತ ಮೊದಲೇ ನಡೆಯಬೇಕೆನ್ನುತ್ತವೆ.

ವೃಷಣದಲ್ಲಿ ಒಂದು ವೀರ್ಯಾಣು ಹುಟ್ಟಿ ಬಲಿಯಲು ಸುಮಾರು ಎರಡೂವರೆ ತಿಂಗಳು ಬೇಕು. ಈ ಕೆಲಸ ನಡೆಯಬೇಕಾದರೆ ಮಿದುಳಿನ ತಳದಲ್ಲಿರುವ ಪಿಟ್ಯುಟರಿ ಗ್ರಂಥಿಯಿಂದ ಸೂಚನೆ ಬರುತ್ತಿರಬೇಕು, ವೃಷಣದೊಳಗೆ ಟೆಸ್ಟೋಸ್ಟೆರಾನ್ ತುಂಬಿರಬೇಕು. ಎಸ್ಟ್ರಾಡಿಯೋಲ್ ಆ ಸೂಚನೆಯನ್ನೇ ಅಡಗಿಸುತ್ತದೆ. ವೀರ್ಯಾಣುಗಳು ಕಡಿಮೆಯಾಗುತ್ತ ಬರುತ್ತವೆ, ಕೆಲವರಲ್ಲಿ ಪೂರ್ತಿ ಇಲ್ಲವಾಗುತ್ತವೆ, ವೃಷಣ ಚಿಕ್ಕದಾಗುತ್ತದೆ.

ಇದು ಬದುಕಿನಲ್ಲಿ ಹೇಗೆ ಎದುರಾಗುತ್ತದೆ ಎಂಬುದಕ್ಕೆ ಒಂದು ಮಾದರಿ ಪ್ರಸಂಗ ನೋಡಬಹುದು. 24 ವರ್ಷದ ಟ್ರಾನ್ಸ್ ಮಹಿಳೆಯೊಬ್ಬರು ವೈದ್ಯರ ಬಳಿ ಬರುತ್ತಾರೆ. ಅಷ್ಟರಲ್ಲಾಗಲೇ ಒಂದು ವರ್ಷದಿಂದ ಮೆಡಿಕಲ್ ಶಾಪಿನಲ್ಲಿ ಸಿಗುವ ಗರ್ಭನಿರೋಧಕ ಮಾತ್ರೆಗಳನ್ನು ದಿನಕ್ಕೆ ಎರಡು ಮೂರರಂತೆ ನುಂಗುತ್ತಿದ್ದಾರೆ. ವೈದ್ಯರು ಮೊದಲು ಆ ಮಾತ್ರೆ ಬಿಡಿಸುತ್ತಾರೆ, ಏಕೆಂದರೆ ಅದರಲ್ಲಿರುವ ಎಥಿನೈಲ್ ಎಸ್ಟ್ರಾಡಿಯೋಲ್ ರಕ್ತನಾಳದಲ್ಲಿ ಹೆಪ್ಪುಗಟ್ಟಿಸುವ ಅಪಾಯವಿದೆ. ಮುಂದೆ ಸ್ವಂತ ಮಗು ಬೇಕೆನಿಸಬಹುದೇ ಎಂದು ಕೇಳಿದಾಗ ಅವರು ಹೌದೆನ್ನುತ್ತಾರೆ. ವೀರ್ಯ ಪರೀಕ್ಷೆಯಲ್ಲಿ ಬೆರಳೆಣಿಕೆಯ ವೀರ್ಯಾಣುಗಳಷ್ಟೇ ಕಾಣುತ್ತವೆ. ಈಗ ಉಳಿದಿರುವ ದಾರಿಯೆಂದರೆ ಮೂರು ತಿಂಗಳೋ ಅದಕ್ಕೂ ಹೆಚ್ಚೋ ಯಾವ ಹಾರ್ಮೋನನ್ನೂ ಮುಟ್ಟದೆ ಕಾಯುವುದು. ಆ ತಿಂಗಳುಗಳಲ್ಲಿ ಗಡ್ಡದ ಬೆಳವಣಿಗೆ ಚುರುಕಾಗುತ್ತದೆ, ನಿಮಿರುವಿಕೆ ಮರಳುತ್ತದೆ, ಯಾವುದರಿಂದ ಬಿಡುಗಡೆ ಬಯಸಿದ್ದರೋ ಅದೇ ದೇಹ ಮತ್ತೆ ಎದುರಾಗುತ್ತದೆ. ಈ ಸಂಕಟ ತಾಳಲಾರದೆ ನಡುವೆಯೇ ಕೈಬಿಡುವವರಿದ್ದಾರೆ.

ಇದೇ ವ್ಯಕ್ತಿ ಮಾತ್ರೆ ಶುರುಮಾಡುವ ಮುಂಚೆ ಬಂದಿದ್ದರೆ ಒಂದೆರಡು ವಾರದಲ್ಲಿ ಕೆಲಸ ಮುಗಿಯುತ್ತಿತ್ತು. ಎಚ್‌ಐವಿ ಮತ್ತು ಹೆಪಟೈಟಿಸ್ ಪರೀಕ್ಷೆಯಾದ ಮೇಲೆ, ಎರಡರಿಂದ ಐದು ದಿನ ವೀರ್ಯ ಹೊರಹೋಗದಂತೆ ಅಂತರವಿಟ್ಟು ಎರಡು ಮೂರು ಮಾದರಿ ಕೊಡಬೇಕು. ಅವನ್ನು ದ್ರವ ಸಾರಜನಕದಲ್ಲಿ ಮೈನಸ್ 196 ಡಿಗ್ರಿಯಲ್ಲಿ ಇಡುತ್ತಾರೆ. ಕರಗಿಸಿದಾಗ ಚಲಿಸುವ ವೀರ್ಯಾಣುಗಳಲ್ಲಿ ಸುಮಾರು ಅರ್ಧದಷ್ಟು ನಷ್ಟವಾಗುವುದುಂಟು, ಹೀಗಾಗಿ ಆರಂಭದ ಸಂಖ್ಯೆ ಚೆನ್ನಾಗಿರುವುದು ಮುಖ್ಯ. ಕಡಿಮೆಯಿದ್ದರೆ ಒಂದೊಂದೇ ವೀರ್ಯಾಣುವನ್ನು ಸೂಜಿಯಿಂದ ಅಂಡಾಣುವಿನೊಳಗೆ ಸೇರಿಸುವ ದುಬಾರಿ ವಿಧಾನಕ್ಕೆ ಹೋಗಬೇಕಾಗುತ್ತದೆ. ಆಸ್ಪತ್ರೆಯ ಕೋಣೆಯಲ್ಲಿ ಮಾದರಿ ಕೊಡುವುದು ಹಲವರಿಗೆ ಹಿಂಸೆಯೆನಿಸುತ್ತದೆ. ಮನೆಯಲ್ಲೇ ಸಂಗ್ರಹಿಸಿ ಒಂದು ಗಂಟೆಯೊಳಗೆ ತಲುಪಿಸಲು ಅವಕಾಶ ಕೇಳಬಹುದು. ನಮ್ಮಲ್ಲಿ ಸಮುದಾಯದೊಳಗೆ ನಿರ್ವಾಣ ಮಾಡಿಸಿಕೊಳ್ಳುವ ರೂಢಿಯೂ ಇದೆ. ವೃಷಣಗಳನ್ನು ತೆಗೆದ ಮೇಲೆ ಕಾಯ್ದಿಡಲು ಏನೂ ಉಳಿಯುವುದಿಲ್ಲ.

ಟ್ರಾನ್ಸ್ ಪುರುಷರ ವಿಷಯದಲ್ಲಿ ತಪ್ಪು ತಿಳಿವಳಿಕೆ ಎರಡು ಬಗೆಯದು. ಟೆಸ್ಟೋಸ್ಟೆರಾನಿನಿಂದ ಸಾಮಾನ್ಯವಾಗಿ ಆರು ತಿಂಗಳೊಳಗೆ ಮುಟ್ಟು ನಿಲ್ಲುತ್ತದೆ. ಮುಟ್ಟು ನಿಂತಿತೆಂದರೆ ಗರ್ಭ ನಿಲ್ಲುವುದಿಲ್ಲ ಎಂದು ಕೆಲವರು ನಂಬುತ್ತಾರೆ. ಅದು ನಿಜವಲ್ಲ. ಆಗಾಗ ಅಂಡಾಣು ಬಿಡುಗಡೆಯಾಗುತ್ತಲೇ ಇರಬಹುದು, ಟೆಸ್ಟೋಸ್ಟೆರಾನ್ ನಡೆಯುತ್ತಿರುವಾಗಲೇ ಬಸಿರಾದವರಿದ್ದಾರೆ, ಬೆಳೆಯುವ ಭ್ರೂಣಕ್ಕೆ ಆ ಔಷಧಿ ಹಾನಿಕರ. ಇನ್ನು ಕೆಲವರು ಒಮ್ಮೆ ಇಂಜೆಕ್ಷನ್ ತೆಗೆದುಕೊಂಡರೆ ಮಕ್ಕಳ ಆಸೆ ಮುಗಿದಂತೆ ಎಂದುಕೊಳ್ಳುತ್ತಾರೆ. ಅದೂ ನಿಜವಲ್ಲ. ಕೇರಳದ ಜಹಾದ್ ಅವರು ಹಾರ್ಮೋನ್ ಆರಂಭಿಸಿ, ಸ್ತನ ತೆಗೆಸಿಕೊಂಡಿದ್ದರೂ ಗರ್ಭಕೋಶ ಉಳಿಸಿಕೊಂಡಿದ್ದರು. ಹಾರ್ಮೋನ್ ನಿಲ್ಲಿಸಿ ಗರ್ಭ ಧರಿಸಿ 2023ರ ಫೆಬ್ರವರಿಯಲ್ಲಿ ಕೋಳಿಕ್ಕೋಡ್‌ನ ಸರ್ಕಾರಿ ಮೆಡಿಕಲ್ ಕಾಲೇಜಿನಲ್ಲಿ ಮಗುವಿಗೆ ಜನ್ಮವಿತ್ತರು. ಸಂಗಾತಿ ಜಿಯಾ ಪವಲ್ ಟ್ರಾನ್ಸ್ ಮಹಿಳೆ. ಹಾಗೆಂದು ಇದು ಎಲ್ಲರಿಗೂ ಸಿಗುವ ಭರವಸೆಯಲ್ಲ. ಹೆಚ್ಚು ವರ್ಷ ಟೆಸ್ಟೋಸ್ಟೆರಾನ್ ಪಡೆದವರಲ್ಲಿ ಅಂಡಾಶಯ ಎಷ್ಟು ಚೇತರಿಸಿಕೊಳ್ಳುತ್ತದೆ ಎಂಬುದರ ಅಧ್ಯಯನಗಳು ಇನ್ನೂ ಚಿಕ್ಕವು.

ಅಂಡಾಣು ಕಾಯ್ದಿಡುವುದು ವೀರ್ಯಕ್ಕಿಂತ ಕಷ್ಟದ ಕೆಲಸ. ಹತ್ತರಿಂದ ಹದಿನಾಲ್ಕು ದಿನ ಇಂಜೆಕ್ಷನ್ ಕೊಟ್ಟು ಹಲವು ಅಂಡಾಣುಗಳನ್ನು ಒಟ್ಟಿಗೆ ಬೆಳೆಸುತ್ತಾರೆ. ಕೊನೆಯ ಇಂಜೆಕ್ಷನ್ ಆಗಿ ಸುಮಾರು 36 ಗಂಟೆಗೆ, ಮತ್ತು ಬರಿಸಿ, ಯೋನಿಯ ಮೂಲಕ ಸೂಜಿ ಹಾಯಿಸಿ ಅವನ್ನು ಹೊರತೆಗೆಯುತ್ತಾರೆ. ನಡುನಡುವೆ ಸ್ಕ್ಯಾನಿಂಗ್ ಬೇಕು. ಏರುವ ಈಸ್ಟ್ರೋಜನ್ ಮತ್ತು ಯೋನಿಯ ಪರೀಕ್ಷೆ ಎರಡೂ ಟ್ರಾನ್ಸ್ ಪುರುಷರಿಗೆ ತೀವ್ರ ನೋವಿನ ಸಂಗತಿಗಳು. ಲೆಟ್ರೋಜೋಲ್ ಮಾತ್ರೆಯಿಂದ ಈಸ್ಟ್ರೋಜನ್ ತಗ್ಗಿಸಬಹುದು, ಸ್ಕ್ಯಾನನ್ನು ಹೊಟ್ಟೆಯ ಮೇಲಿನಿಂದ ಮಾಡಬಹುದು. ಇವನ್ನು ಮೊದಲೇ ಕೇಳಿಕೊಳ್ಳುವುದು ರೋಗಿಯ ಹಕ್ಕು.

ಹರೆಯದ ಮಕ್ಕಳಲ್ಲಿ ಪ್ರಶ್ನೆ ಇನ್ನಷ್ಟು ಜಟಿಲ. ಹರೆಯದ ಬೆಳವಣಿಗೆಯನ್ನು ತಡೆಹಿಡಿಯುವ ಔಷಧಿಯನ್ನು ಮಾತ್ರ ನಿಲ್ಲಿಸಿದರೆ ಬೆಳವಣಿಗೆ ಮತ್ತೆ ಮುಂದುವರಿಯುತ್ತದೆ. ಆದರೆ ಹರೆಯದ ಮೊದಲ ಹಂತದಲ್ಲೇ ಅದನ್ನು ಕೊಟ್ಟು, ನಡುವೆ ಬಿಡುವಿಲ್ಲದೆ ಹಾರ್ಮೋನಿಗೆ ದಾಟಿದರೆ ವೀರ್ಯಾಣುವಾಗಲಿ ಅಂಡಾಣುವಾಗಲಿ ಬಲಿಯುವ ಸಂದರ್ಭವೇ ಬರುವುದಿಲ್ಲ. ಅಂಥವರಲ್ಲಿ ಅಂಡಾಶಯದ ತುಣುಕನ್ನು ಶೈತ್ಯದಲ್ಲಿಡಬಹುದು. ವೃಷಣದ ತುಣುಕನ್ನು ಹಾಗೆ ಇಡುವುದು ಇನ್ನೂ ಪ್ರಯೋಗದ ಹಂತದಲ್ಲಿದೆ. ಸ್ವಲ್ಪ ಕಾದರೆ ವೀರ್ಯಾಣು ಸಿಗಬಹುದು, ಆದರೆ ಅಷ್ಟರಲ್ಲಿ ದನಿ ಒಡೆದಿರುತ್ತದೆ. ಎರಡರಲ್ಲಿ ಯಾವುದೋ ಒಂದನ್ನು ಬಿಟ್ಟುಕೊಡಬೇಕಾದ ಪರಿಸ್ಥಿತಿ ಇದು. ಹರೆಯ ತಡೆಯುವ ಔಷಧಿಯ ಬಗ್ಗೆ ದೇಶಗಳಲ್ಲೂ ಒಮ್ಮತವಿಲ್ಲ. ಬ್ರಿಟನ್ನಿನಲ್ಲಿ 2024ರ ಕ್ಯಾಸ್ ವರದಿ ಪುರಾವೆ ದುರ್ಬಲವೆಂದ ಮೇಲೆ ಬಳಕೆ ಬಹಳ ಬಿಗಿಯಾಗಿದೆ, ಅಮೆರಿಕದ ಹಲವು ವೈದ್ಯ ಸಂಘಗಳು ಆ ನಿಲುವನ್ನು ಒಪ್ಪಿಲ್ಲ.

ಆಪ್ತಸಮಾಲೋಚನೆಯೆಂದರೆ ವ್ಯಕ್ತಿಯ ಅರಿವು ಸಾಚಾ ಹೌದೋ ಅಲ್ಲವೋ ಎಂದು ಪರೀಕ್ಷೆಗೆ ಒಡ್ಡುವುದಲ್ಲ. ಯಾವ ಬದಲಾವಣೆ ಉಳಿಯುತ್ತದೆ, ಯಾವುದು ಮರಳುತ್ತದೆ, ಮಗುವೆಂದರೆ ಸ್ವಂತ ರಕ್ತದ್ದೇ ಆಗಬೇಕೇ, ಹೊರುವವರು ಯಾರು ಎಂದು ಬಿಡಿಸಿ ಮಾತಾಡುವುದು. ಹದಿನೈದರ ಹುಡುಗ ಹುಡುಗಿಯರಲ್ಲಿ ಅನೇಕರು ತಮಗೆ ಮಕ್ಕಳು ಬೇಡವೆಂದು ಹೇಳಬಹುದು, ತಂದೆತಾಯಿ ಮೊಮ್ಮಕ್ಕಳನ್ನು ನೆನೆದು ಒತ್ತಾಯಿಸಬಹುದು. ಆದ್ದರಿಂದ ಅನುಭವಿ ಸಮಾಲೋಚಕರು ಮಗುವಿನೊಡನೆ ಪ್ರತ್ಯೇಕವಾಗಿಯೂ ಮಾತಾಡುತ್ತಾರೆ, ಒಂದೇ ಭೇಟಿಯಲ್ಲಿ ಮುಗಿಸುವುದಿಲ್ಲ. ಕಾಯ್ದಿಡುವುದು ಬೇಡವೆಂದರೆ ಅದನ್ನು ಗೌರವಿಸಬೇಕು, ಅದಕ್ಕಾಗಿ ಚಿಕಿತ್ಸೆ ತಡೆಹಿಡಿಯುವುದು ಸರಿಯಲ್ಲ.

ಭಾರತದಲ್ಲಿ ಈ ಮಾತುಕತೆಗೆ ಕಾನೂನಿನ ಭಾಗವೂ ಸೇರಲೇಬೇಕು. ಸಂತಾನೋತ್ಪತ್ತಿ ನೆರವಿನ ತಂತ್ರಜ್ಞಾನದ 2021ರ ಕಾಯ್ದೆಯು ಸೇವೆ ಪಡೆಯುವವರೆಂದು ಹೇಳುವುದು ಬಂಜೆತನವಿರುವ ವಿವಾಹಿತ ದಂಪತಿ ಮತ್ತು 21 ವರ್ಷ ಮೀರಿದ ಮಹಿಳೆಯನ್ನು. ಅದೇ ವರ್ಷದ ಬಾಡಿಗೆ ತಾಯ್ತನದ ಕಾಯ್ದೆ ವಿವಾಹಿತ ದಂಪತಿ ಹಾಗೂ 35ರಿಂದ 45 ವರ್ಷದ ವಿಧವೆ ಅಥವಾ ವಿಚ್ಛೇದಿತೆಗಷ್ಟೇ ಅವಕಾಶ ಕೊಡುತ್ತದೆ. ಎರಡರಲ್ಲೂ ಲಿಂಗತ್ವ ಅಲ್ಪಸಂಖ್ಯಾತರ ಹೆಸರಿಲ್ಲ. ಆದ್ದರಿಂದ ಹಣ ಕಟ್ಟುವ ಮುಂಚೆ ಕ್ಲಿನಿಕ್ಕಿನಿಂದ ಕೆಲವು ವಿಷಯಗಳನ್ನು ಬರವಣಿಗೆಯಲ್ಲಿ ಪಡೆಯುವುದು ಒಳ್ಳೆಯದು: ಯಾವ ಹೆಸರು ಮತ್ತು ಲಿಂಗದ ಗುರುತಿನಲ್ಲಿ ಮಾದರಿ ದಾಖಲಾಗುತ್ತದೆ, ಮುಂದೆ ಗುರುತಿನ ಚೀಟಿ ಬದಲಾದರೆ ಅದನ್ನು ಹೇಗೆ ಜೋಡಿಸುತ್ತಾರೆ, ವರ್ಷದ ಶುಲ್ಕ ಎಷ್ಟು, ವ್ಯಕ್ತಿ ತೀರಿಕೊಂಡರೆ ಮಾದರಿಯನ್ನು ಏನು ಮಾಡುತ್ತಾರೆ.