ಓವನ್ ತಟ್ಟೆ ಒಡೆದರೆ ಯಾವ ಫೋಟೊ ಕಳಿಸಬೇಕು?

ಮೈಕ್ರೋವೇವ್ ಓವನ್ನಿನ ಗಾಜಿನ ತಟ್ಟೆ ಸಾಮಾನ್ಯವಾಗಿ ಸಿಂಕಿನಲ್ಲಿ ಒಡೆಯುತ್ತದೆ. ಒಡೆದ ಕೂಡಲೇ ಜನ ಮಾಡುವ ಕೆಲಸ ಒಂದೇ: ಓವನ್ನಿನ ಎದುರು ನಿಂತು ಒಂದು ಫೋಟೊ ತೆಗೆದು ಬಿಡಿಭಾಗದ ಅಂಗಡಿಗೆ ವಾಟ್ಸ್‌ಆ್ಯಪ್ ಮಾಡುವುದು. ಅಂಗಡಿಯವರ ಉತ್ತರವೂ ಒಂದೇ: “ಇದು ಬರೀ ಮುಖ ಮೇಡಂ. ಬಾಗಿಲು ತೆಗೆದು ಇನ್ನೊಂದು ಕಳಿಸಿ.”

ಅವರು ಹೇಳುವುದು ಸರಿ. ಬಾಗಿಲು, ಗುಂಡಿಗಳು, ಡಿಸ್‌ಪ್ಲೇ ನೋಡಿದರೆ ಕಂಪನಿ ಯಾವುದು, ಗ್ರಿಲ್ ಅಥವಾ ಕನ್ವೆಕ್ಷನ್ ಇದೆಯೇ ಎಂಬುದು ತಿಳಿದೀತು. ಆದರೆ ಒಂದೇ ಬಗೆಯ ಪ್ಯಾನೆಲ್ಲನ್ನು ಕಂಪನಿಗಳು ಬೇರೆ ಬೇರೆ ಗಾತ್ರದ ಓವನ್‌ಗಳಿಗೆ ಹಾಕುತ್ತವೆ. ಮಾದರಿಯ ಹೆಸರು ಬೇಕಾದರೆ ಬಾಗಿಲು ತೆರೆದು, ಬಾಗಿಲು ಮುಚ್ಚಿಕೊಳ್ಳುವ ಚೌಕಟ್ಟನ್ನು ನೋಡಬೇಕು. ಅನೇಕ ಓವನ್‌ಗಳಲ್ಲಿ ಸ್ಟಿಕ್ಕರ್ ಅಲ್ಲಿರುತ್ತದೆ. ಅಲ್ಲಿಲ್ಲದಿದ್ದರೆ ಹಿಂಬದಿಯಲ್ಲಿ, ಪ್ಲಗ್ ಕಿತ್ತು ಓವನ್ ತಿರುಗಿಸಿದರಾಯಿತು, ಸ್ಕ್ರೂ ಬಿಚ್ಚುವ ಗೊಡವೆಯೇ ಬೇಡ. ಒಳಗಿನ ಕೆಪಾಸಿಟರ್ ಪ್ಲಗ್ ಕಿತ್ತ ಮೇಲೂ ಅಪಾಯದ ವಿದ್ಯುತ್ತನ್ನು ಹಿಡಿದಿಟ್ಟಿರಬಹುದು.

ಫ್ಲ್ಯಾಶ್ ಹಾಕಿದರೆ ಮಿನುಗುವ ಸ್ಟಿಕ್ಕರಿನಲ್ಲಿ ಅಕ್ಷರಗಳೇ ಕಾಣುವುದಿಲ್ಲ. ಸ್ವಲ್ಪ ಓರೆಯಾಗಿ, ಪಕ್ಕದಿಂದ ಬೆಳಕು ಬೀಳುವಂತೆ ತೆಗೆಯಿರಿ. ಸ್ಟಿಕ್ಕರಿನಲ್ಲಿ ಉದ್ದನೆಯ ಸೀರಿಯಲ್ ನಂಬರೂ ಇರುತ್ತದೆ, ಹಲವರು ಅದನ್ನೇ ಕಳಿಸಿಬಿಡುತ್ತಾರೆ. ಬೇಕಾದದ್ದು Model ಎಂಬುದರ ಎದುರಿಗಿರುವ ಅಕ್ಷರಗಳು. ಎಲ್‌ಜಿಯ MC2846SL ನೋಡಿ: MC ಎಂದರೆ ಕನ್ವೆಕ್ಷನ್, 28 ಎಂದರೆ ಲೀಟರ್, ಕೊನೆಯ ಅಕ್ಷರಗಳು ಹೆಚ್ಚಾಗಿ ಬಣ್ಣಕ್ಕೆ ಸಂಬಂಧಿಸಿದವು. ಐಎಫ್‌ಬಿಯ 20SC2 ಎಂಬಲ್ಲಿ 20 ಎಂಬುದೇ ಲೀಟರ್. 8 ಮತ್ತು B, 0 ಮತ್ತು O ಅದಲುಬದಲಾಗುವುದು ಮಾಮೂಲು. ಅದಕ್ಕೇ ಟೈಪ್ ಮಾಡಿ ಕಳಿಸುವುದಕ್ಕಿಂತ ಫೋಟೊ ವಾಸಿ.

ಸ್ಟಿಕ್ಕರ್ ಅಳಿಸಿಹೋಗಿದ್ದರೆ? ಆಗ ಗಾಜಿನ ಚೂರೇ ಗತಿ. ಚೂರುಗಳನ್ನು ಕಸದ ಬುಟ್ಟಿಗೆ ಹಾಕುವ ಮೊದಲು ಅಂಚಿನ ಭಾಗವಿರುವ ದೊಡ್ಡ ಚೂರೊಂದನ್ನು ಎತ್ತಿಡಿ. ಕೆಲವು ತಟ್ಟೆಗಳಲ್ಲಿ ಬಿಡಿಭಾಗದ ನಂಬರನ್ನೇ ಉಬ್ಬಾಗಿ ಅಚ್ಚೊತ್ತಿರುತ್ತಾರೆ. ಸಿಕ್ಕರೆ ಬೇರೇನೂ ಬೇಡ. ಸಿಗದಿದ್ದರೆ ಚೂರಿನಿಂದಲೇ ವ್ಯಾಸ ಲೆಕ್ಕಹಾಕಬಹುದು. ಚೂರಿನ ಬಾಗಿದ ಅಂಚಿನ ಎರಡು ತುದಿಗಳ ನಡುವೆ ನೇರವಾಗಿ ಅಳೆದಾಗ 14 ಸೆಂ.ಮೀ. ಬಂತೆನ್ನಿ. ಆ ನೇರ ಗೆರೆಯ ನಡುಮಧ್ಯದಿಂದ ಬಾಗಿದ ಅಂಚಿಗೆ 2.2 ಸೆಂ.ಮೀ. ಇದೆ. 14ರ ವರ್ಗ 196. ಅದನ್ನು 2.2ರ ಎಂಟರಷ್ಟಾದ 17.6ರಿಂದ ಭಾಗಿಸಿದರೆ 11.14. ಅದಕ್ಕೆ 2.2ರ ಅರ್ಧ, ಅಂದರೆ 1.1 ಕೂಡಿಸಿದರೆ 12.24. ಇದು ತ್ರಿಜ್ಯ; ಇಮ್ಮಡಿಸಿದರೆ ವ್ಯಾಸ ಸುಮಾರು 24.5 ಸೆಂ.ಮೀ. ಎಷ್ಟೋ 20 ಲೀಟರ್ ಓವನ್‌ಗಳ ತಟ್ಟೆಯ ಅಳತೆ ಇದೇ. ಆದರೆ ನಡುವಿನ ಅಳತೆಯಲ್ಲಿ ಒಂದೇ ಮಿಲಿಮೀಟರ್ ಹೆಚ್ಚಾದರೂ ಉತ್ತರ 23.6ಕ್ಕೆ ಇಳಿಯುತ್ತದೆ. ಹಾಗಾಗಿ ಚೂರು ದೊಡ್ಡದಾದಷ್ಟೂ ಒಳ್ಳೆಯದು. ಬಂದ ಉತ್ತರವನ್ನೂ ಅಂಗಡಿಯಲ್ಲಿ ಸಿಗುವ ಅಳತೆಗಳ ಪಕ್ಕದಲ್ಲಿಟ್ಟು ನೋಡಬೇಕು.

ಅಗಲ ಹೊಂದಿದರೆ ಸಾಕು ಎಂದುಕೊಂಡವರೇ ತಟ್ಟೆ ವಾಪಸ್ ಕಳಿಸುವವರು. ಓವನ್ನಿನ ನೆಲದ ನಡುವೆ ಮೂರು ರೆಕ್ಕೆಯ ಪುಟ್ಟ ಪ್ಲಾಸ್ಟಿಕ್ ತುಂಡಿರುತ್ತದೆ. ಅದಕ್ಕೆ ಕಪ್ಲರ್ ಎನ್ನುತ್ತಾರೆ. ಕೆಳಗಿನ ಮೋಟಾರು ಅದನ್ನು ತಿರುಗಿಸುತ್ತದೆ. ತಟ್ಟೆಯ ತಳದ ನಡುವಿನಲ್ಲಿ ಗಾಜಿನದೇ ಮೂರು ಉಬ್ಬುಗಳಿದ್ದು, ರೆಕ್ಕೆಗಳು ಅವನ್ನು ತಳ್ಳಿದಾಗ ತಟ್ಟೆ ಸುತ್ತುತ್ತದೆ. ಉಬ್ಬುಗಳಿಲ್ಲದ ಸಪಾಟು ತಟ್ಟೆ ತಂದರೆ ಅಳತೆ ಎಷ್ಟೇ ಸರಿಯಿದ್ದರೂ ಅದು ಕದಲದೆ ಕೂತಿರುತ್ತದೆ. ಆದ್ದರಿಂದ ಕಪ್ಲರಿನ ಒಂದು ಫೋಟೊ, ಹಳೆಯ ತಟ್ಟೆಯ ನಡುಭಾಗ ಉಳಿದಿದ್ದರೆ ಅದರ ತಳದ ಇನ್ನೊಂದು ಫೋಟೊ ಕಳಿಸಿ. ನನ್ನ ಮಟ್ಟಿಗೆ ಇವೆರಡು ಬಾಗಿಲಿನ ಹತ್ತು ಫೋಟೊಗಳಿಗಿಂತ ಮೇಲು. ಬೇರೆ ಬೇರೆ ಬ್ರ್ಯಾಂಡಿನ ಓವನ್‌ಗಳು ಎಷ್ಟೋ ಸಲ ಒಂದೇ ಕಾರ್ಖಾನೆಯಿಂದ ಬಂದಿರುತ್ತವೆ. ತಳವೂ ಅಳತೆಯೂ ಹೊಂದಿದರೆ ಇನ್ನೊಂದು ಹೆಸರಿನ ತಟ್ಟೆಯೂ ನಡೆಯುತ್ತದೆ.

ರೋಲರ್ ರಿಂಗ್ ತರಿಸುವಾಗ ಸುತ್ತಿನ ಅಗಲದ ಜೊತೆಗೆ ಚಕ್ರದ ಎತ್ತರವನ್ನೂ ಅಳೆಯಿರಿ. ಹಳೆಯದು ಮುರಿದಿದ್ದರೂ ಒಂದು ಚಕ್ರ ಉಳಿದಿದ್ದರೆ ಸಾಕು, ಅದನ್ನು ಸ್ಕೇಲಿನ ಪಕ್ಕ ಇಟ್ಟು ಫೋಟೊ ತೆಗೆಯಿರಿ. ಚಕ್ರ ಚಿಕ್ಕದಾದರೆ ತಟ್ಟೆ ಕಪ್ಲರಿನ ಮೇಲೆಯೇ ಕೂತು ಕರಕರ ಸದ್ದು ಮಾಡುತ್ತದೆ. ದೊಡ್ಡದಾದರೆ ತಟ್ಟೆ ಮೇಲೆದ್ದು, ರೆಕ್ಕೆಗಳು ಉಬ್ಬುಗಳಿಗೆ ತಾಗದೆ ಕಪ್ಲರ್ ಮಾತ್ರ ಸುತ್ತುತ್ತದೆ.

ಹೊಸದು ಬಂದ ಮೇಲೆ ಒಂದು ಲೋಟ ನೀರನ್ನು ತಟ್ಟೆಯ ಅಂಚಿನ ಹತ್ತಿರ ಇಟ್ಟು ಅರ್ಧ ನಿಮಿಷ ಓಡಿಸಿ. ಭಾರ ಒಂದೇ ಕಡೆ ಬಿದ್ದಾಗಲೂ ತಟ್ಟೆ ಕುಲುಕದೆ, ಗೋಡೆಗೆ ತಗುಲದೆ ಸುತ್ತಬೇಕು. ಈ ಸಲ ಬಲಕ್ಕೆ, ಮುಂದಿನ ಸಲ ಎಡಕ್ಕೆ ತಿರುಗಿತೆಂದು ಅಂಗಡಿಗೆ ಫೋನ್ ಮಾಡಬೇಡಿ. ಈ ಮೋಟಾರುಗಳು ಹಲವು ಓವನ್‌ಗಳಲ್ಲಿ ಎರಡೂ ದಿಕ್ಕಿಗೆ ತಿರುಗುತ್ತವೆ.