ಗುಂಡು ಹಾರಿದ ಕ್ಷಣಕ್ಕೆ ಹಿಂತಿರುಗುವ ಸರ್ವರ್

ಆನ್‌ಲೈನ್ ಶೂಟಿಂಗ್ ಆಟದಲ್ಲಿ ಪರದೆಯ ಮೇಲೆ ಕಾಣುವ ಎದುರಾಳಿ ಆ ಕ್ಷಣದ ಎದುರಾಳಿಯಲ್ಲ, ತುಸು ಹಿಂದಿನವನು. ಯಾರು ಎಲ್ಲಿದ್ದಾರೆ ಎಂಬ ಅಧಿಕೃತ ಲೆಕ್ಕ ಇರುವುದು ದೂರದ ಸರ್ವರ್‌ನಲ್ಲಿ. ಆ ಸುದ್ದಿ ಆಟಗಾರನಿಗೆ ತಲುಪಲು ಸಮಯ ಬೇಕು, ಅವನು ಗುಂಡು ಹಾರಿಸಿದ ಸುದ್ದಿ ಸರ್ವರ್‌ಗೆ ಮರಳಲು ಮತ್ತಷ್ಟು ಸಮಯ ಬೇಕು. ಅಷ್ಟರಲ್ಲಿ ಎದುರಾಳಿ ಅಲ್ಲಿರುವುದಿಲ್ಲ. ಈ ಅಂತರವನ್ನು ಸರಿದೂಗಿಸುವ ವಿಧಾನಕ್ಕೆ ಲ್ಯಾಗ್ ಕಾಂಪೆನ್ಸೇಶನ್ ಎಂದು ಹೆಸರು. ವಾಲ್ವ್ ಕಂಪನಿಯ ಯಾನ್ ಬರ್ನಿಯರ್ ‘ಹಾಫ್-ಲೈಫ್’ ಆಟದಲ್ಲಿ ಬಳಸಿದ ಈ ವಿಧಾನವನ್ನು 2001ರಲ್ಲಿ ಪ್ರಬಂಧವೊಂದರಲ್ಲಿ ವಿವರಿಸಿದರು. ವಾಲ್ವ್‌ನ ನಂತರದ ಸೋರ್ಸ್ ಎಂಜಿನ್ ಕೂಡ ಇದೇ ದಾರಿ ಹಿಡಿಯಿತು.

ಆ ಎಂಜಿನ್‌ನಲ್ಲಿ ನಡೆಯುವ ‘ಕೌಂಟರ್-ಸ್ಟ್ರೈಕ್’ ಆಟದ ಒಂದೇ ಗುಂಡನ್ನು ತೆಗೆದುಕೊಳ್ಳೋಣ. ಗುರಿ ಇಡುವವನ ಪಿಂಗ್, ಅಂದರೆ ಸುದ್ದಿ ಸರ್ವರ್‌ಗೆ ಹೋಗಿ ಬರುವ ಸಮಯ, 150 ಮಿಲಿಸೆಕೆಂಡು ಇರಲಿ. ಅವನ ಗುಂಡಿನ ಸುದ್ದಿ ಸರ್ವರ್‌ಗೆ ಮುಟ್ಟಿದಾಗ ಅಲ್ಲಿನ ಗಡಿಯಾರ 10.500 ಸೆಕೆಂಡು ತೋರಿಸುತ್ತಿದೆ. ಹಾಗಾದರೆ ಅವನು ಮೌಸ್ ಒತ್ತಿದ್ದು 10.425ಕ್ಕೆ. ಆಗ ಅವನ ಕೈಗೆ ಬಂದಿದ್ದ ಹೊಸ ಸುದ್ದಿ ಸರ್ವರ್‌ನಿಂದ 10.350ಕ್ಕೆ ಹೊರಟದ್ದು.

ಲೆಕ್ಕ ಇಲ್ಲಿಗೇ ಮುಗಿಯುವುದಿಲ್ಲ. ಸೋರ್ಸ್ ಎಂಜಿನ್‌ನ ಮೂಲ ಹೊಂದಿಕೆಯಲ್ಲಿ ಸರ್ವರ್‌ನಿಂದ ಸೆಕೆಂಡಿಗೆ ಸುಮಾರು 20 ಸಲ ಮಾತ್ರ ಸುದ್ದಿ ಬರುತ್ತದೆ. ಬಂದಂತೆಯೇ ತೋರಿಸಿದರೆ ಎದುರಾಳಿ ತಡೆದು ತಡೆದು ಜಿಗಿದಂತೆ ಕಾಣುತ್ತಾನೆ. ಅದಕ್ಕಾಗಿ ಕಂಪ್ಯೂಟರ್ ಬೇಕೆಂದೇ 100 ಮಿಲಿಸೆಕೆಂಡು ಹಿಂದುಳಿದು, ಬಂದಿರುವ ಎರಡು ಸ್ಥಾನಗಳ ನಡುವೆ ನಯವಾದ ಚಲನೆಯನ್ನು ತುಂಬುತ್ತದೆ. ಹಾಗಾಗಿ ಅವನು ಗುರಿ ಇಟ್ಟದ್ದು 10.250ರ ಎದುರಾಳಿಗೆ; ಒಟ್ಟು ಕಾಲು ಸೆಕೆಂಡು ಹಳೆಯ ದೃಶ್ಯಕ್ಕೆ.

ಕಾಲು ಸೆಕೆಂಡು ಎಂದರೆ ಅಲ್ಪವಲ್ಲ. ಈ ಆಟದಲ್ಲಿ ಕೈಯಲ್ಲಿ ಚಾಕು ಹಿಡಿದವನು ಸೆಕೆಂಡಿಗೆ 250 ಯೂನಿಟ್ ಓಡುತ್ತಾನೆ, ಚಲನೆಯ ಲೆಕ್ಕದಲ್ಲಿ ಅವನ ಮೈಯಗಲ 32 ಯೂನಿಟ್. ಕಾಲು ಸೆಕೆಂಡಿನಲ್ಲಿ ಅವನು ಹೆಚ್ಚುಕಡಿಮೆ ಎರಡು ಮೈಯಗಲದಷ್ಟು ಸರಿದಿರುತ್ತಾನೆ. ಪರಿಹಾರವಿಲ್ಲದ ಆಟಗಳಲ್ಲಿ ಜನ ಎದುರಾಳಿಯ ಮುಂದಿನ ಖಾಲಿ ಜಾಗಕ್ಕೆ, ತಮ್ಮ ಪಿಂಗ್‌ನ ಅಂದಾಜಿನ ಮೇಲೆ, ಗುಂಡು ಹಾರಿಸಬೇಕಿತ್ತು. ಅದು ಗುರಿಗಾರಿಕೆಯ ಪರೀಕ್ಷೆಯಾಗಿರಲಿಲ್ಲ, ಸಂಪರ್ಕದ ಪರೀಕ್ಷೆಯಾಗಿತ್ತು.

ಇದಕ್ಕೆ ಸರ್ವರ್ ಹೂಡುವ ಉಪಾಯ ಸರಳ. ಪ್ರತಿಯೊಬ್ಬ ಆಟಗಾರ ಎಲ್ಲಿದ್ದ, ಯಾವ ಭಂಗಿಯಲ್ಲಿದ್ದ ಎಂಬ ದಾಖಲೆಯನ್ನು ಅದು ಸುಮಾರು ಒಂದು ಸೆಕೆಂಡಿನವರೆಗೆ ಇಟ್ಟುಕೊಂಡಿರುತ್ತದೆ. ಗುಂಡಿನ ಸುದ್ದಿ ಬಂದೊಡನೆ ಅದು ಯಾವ ಕ್ಷಣದ ದೃಶ್ಯಕ್ಕೆ ಹಾರಿದ್ದು ಎಂದು ಲೆಕ್ಕ ಹಾಕುತ್ತದೆ:

```
ಗುಂಡಿನ ಕ್ಷಣ = ಈಗಿನ ಸಮಯ - ಪಿಂಗ್ - ನಯಗೊಳಿಸುವ ತಡ
10.250 = 10.500 - 0.150 - 0.100
```

ಬಳಿಕ ಗುಂಡು ಹಾರಿಸಿದವನನ್ನು ಬಿಟ್ಟು ಉಳಿದವರನ್ನೆಲ್ಲ 10.250ರಲ್ಲಿ ಇದ್ದ ಜಾಗಕ್ಕೆ ಸರಿಸಿ, ಗುಂಡಿನ ಗೆರೆ ಯಾರ ಮೈಗಾದರೂ ತಾಗುತ್ತದೆಯೇ ಎಂದು ನೋಡುತ್ತದೆ. ನೋಡಿಯಾದ ಮೇಲೆ ಎಲ್ಲರನ್ನೂ ಈಗಿನ ಜಾಗಕ್ಕೆ ತಂದು ನಿಲ್ಲಿಸುತ್ತದೆ. ‘ನನ್ನ ಗುಂಡು ತಾಗಿತು’ ಎಂಬ ಆಟಗಾರನ ಕಂಪ್ಯೂಟರ್‌ನ ಮಾತನ್ನು ಅದು ನಂಬುವುದಿಲ್ಲ. ನಂಬಿದರೆ ಮೋಸದ ಪ್ರೋಗ್ರಾಂ ಬರೆದವರದೇ ರಾಜ್ಯ.

ಇದರ ಬೆಲೆ ತೆರುವವನು ಎದುರಾಳಿ. ಅವನ ಪಿಂಗ್ 50 ಮಿಲಿಸೆಕೆಂಡು ಎಂದಿಟ್ಟುಕೊಳ್ಳೋಣ. ತನ್ನ ಪರದೆಯಲ್ಲಿ ಅವನು 10.375ಕ್ಕೇ ಗೋಡೆಯ ಮರೆ ಸೇರಿದ್ದಾನೆ, ಸರ್ವರ್‌ನ ಲೆಕ್ಕದಲ್ಲಿ ಸೇರಿದ್ದು 10.400ಕ್ಕೆ. ಗುಂಡಿನ ತೀರ್ಪು ಆಗುವುದು 10.500ಕ್ಕೆ, ಸತ್ತ ಸುದ್ದಿ ಅವನಿಗೆ ಮುಟ್ಟುವುದು 10.525ಕ್ಕೆ. ಮರೆ ಸೇರಿ 150 ಮಿಲಿಸೆಕೆಂಡು ಕಳೆದ ಮೇಲೆ, ಗೋಡೆಯ ಹಿಂದೆ ಒಂದು ಮೈಯಗಲಕ್ಕಿಂತ ಹೆಚ್ಚು ದೂರ ಹೋದ ಮೇಲೆ, ಅವನು ಬೀಳುತ್ತಾನೆ. ಗೋಡೆ ದಾಟಿ ಗುಂಡು ಬಂತು ಎಂಬ ಅವನ ದೂರು ಅವನ ಪರದೆಯ ಮಟ್ಟಿಗೆ ನಿಜ. ಎರಡು ಪರದೆಗಳೂ ಒಟ್ಟಿಗೆ ಸರಿಯಾಗಿರಲು ಸಾಧ್ಯವಿಲ್ಲ. ಯಾರ ಕಣ್ಣನ್ನು ನಂಬಬೇಕೆಂದು ಆಟ ಕಟ್ಟುವವರೇ ಆರಿಸಬೇಕು. ಬರ್ನಿಯರ್ ಗುಂಡು ಹಾರಿಸುವವನ ಕಣ್ಣನ್ನು ನಂಬಿದರು. ಆ ಆಯ್ಕೆ ಸರಿಯೆಂದೇ ಹೇಳಬೇಕು: ಗುರಿ ತಪ್ಪದ ಗುಂಡು ಸುಳ್ಳಾಗುವುದು ಪ್ರತಿ ಗುಂಡಿಗೂ ಕಾಡುವ ತೊಂದರೆ, ಮರೆಯಲ್ಲಿ ಸಾಯುವುದು ಆಗೊಮ್ಮೆ ಈಗೊಮ್ಮೆ ಆಗುವಂಥದ್ದು.

ಆದರೆ ಈ ಔದಾರ್ಯಕ್ಕೆ ಮಿತಿ ಬೇಕು, ಇಲ್ಲವಾದರೆ ಸಂಪರ್ಕ ಕೆಟ್ಟಷ್ಟೂ ಲಾಭವಾಗುತ್ತದೆ. ಸೋರ್ಸ್ ಎಂಜಿನ್‌ನಲ್ಲಿ ಆ ಮಿತಿ `sv_maxunlag`. ಅದರ ಮೂಲ ಬೆಲೆ ಒಂದು ಸೆಕೆಂಡು. ನಿಧಾನ ಸಂಪರ್ಕದವನಿಗೆ ಈ ವಿಧಾನ ಎಲ್ಲವನ್ನೂ ಕೊಡುವುದೂ ಇಲ್ಲ. ಅವನ ಗುಂಡಿನ ಸುದ್ದಿ ದಾರಿಯಲ್ಲಿರುವಾಗಲೇ ಎದುರಾಳಿಯ ಗುಂಡು ಸರ್ವರ್‌ಗೆ ಮುಟ್ಟಿ ಅವನು ಸತ್ತಿದ್ದರೆ, ತಡವಾಗಿ ಬಂದ ಗುಂಡು ಲೆಕ್ಕಕ್ಕಿಲ್ಲ. ರಾಕೆಟ್‌ನಂತೆ ಹಾರುತ್ತ ಹೊತ್ತು ತೆಗೆದುಕೊಳ್ಳುವ ಅಸ್ತ್ರಗಳಿಗೆ ‘ಹಾಫ್-ಲೈಫ್’ ಈ ಪರಿಹಾರವನ್ನೇ ಕೊಡಲಿಲ್ಲ. ಅವು ಹಾರುವ ಅಷ್ಟು ಹೊತ್ತೂ ಯಾರ ಕಾಲದಲ್ಲಿ ಇರಬೇಕೆಂಬುದಕ್ಕೆ ಸುಲಭದ ಉತ್ತರವಿಲ್ಲ.

ಪರಿಹಾರ ಸರಿಯಾಗಿ ನಡೆಯುತ್ತಿದೆಯೇ ಎಂದು ಕಣ್ಣಾರೆ ನೋಡಲೂಬಹುದು. ಸ್ವಂತ ಸರ್ವರ್‌ನಲ್ಲಿ `sv_cheats 1` ಮತ್ತು `sv_showimpacts 1` ಎಂದು ಕೊಟ್ಟರೆ, ಆಟಗಾರನ ಕಂಪ್ಯೂಟರ್ ಲೆಕ್ಕದ ಪ್ರಕಾರ ಗುಂಡು ಬಿದ್ದ ಜಾಗ ಕೆಂಪು ಚೌಕದಲ್ಲೂ ಸರ್ವರ್ ಲೆಕ್ಕದ ಜಾಗ ನೀಲಿ ಚೌಕದಲ್ಲೂ ಕಾಣುತ್ತದೆ. ಎರಡೂ ಒಂದರ ಮೇಲೊಂದು ಕೂತರೆ ಎರಡು ಲೆಕ್ಕಗಳೂ ಹೊಂದಿವೆ ಎಂದರ್ಥ. ಬೇರೆ ಬೇರೆ ಜಾಗದಲ್ಲಿ ಬಿದ್ದರೆ ಆ ಗುಂಡಿನ ವಿಷಯದಲ್ಲಿ ಪರದೆಗೂ ಸರ್ವರ್‌ಗೂ ಒಮ್ಮತವಿಲ್ಲ.