ಒಂದು ಸ್ಟಾಪ್ ಮೊದಲೇ ಇಳಿದವನ ಮಾತು

2005ರ ಜೂನ್ 12ರಂದು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಘಟಿಕೋತ್ಸವದಲ್ಲಿ ಸ್ಟೀವ್ ಜಾಬ್ಸ್ ಮಾಡಿದ ಭಾಷಣದಲ್ಲಿ ಉಪದೇಶವೂ ಇತ್ತು. ನನ್ನ ಮಟ್ಟಿಗೆ ಅದಕ್ಕೆ ಬಲ ಬಂದದ್ದು ಬೇರೆ ಕಡೆಯಿಂದ. ಕಾಲೇಜು ಬಿಟ್ಟ ದಿನಗಳಲ್ಲಿ ಅವರು ಗೆಳೆಯರ ಕೋಣೆಗಳಲ್ಲಿ ನೆಲದ ಮೇಲೆ ಮಲಗುತ್ತಿದ್ದರಂತೆ. ಖಾಲಿ ಕೋಕ್ ಬಾಟಲಿ ಹಿಂದಿರುಗಿಸಿ, ಒಂದಕ್ಕೆ 5 ಸೆಂಟಿನಂತೆ ಸಿಕ್ಕ ಹಣದಲ್ಲಿ ಊಟ ಕೊಳ್ಳುತ್ತಿದ್ದರಂತೆ. ವಾರಕ್ಕೊಂದು ಒಳ್ಳೆಯ ಊಟಕ್ಕಾಗಿ ಪ್ರತಿ ಭಾನುವಾರ ರಾತ್ರಿ 7 ಮೈಲಿ ನಡೆದು ಹರೇ ಕೃಷ್ಣ ದೇವಸ್ಥಾನಕ್ಕೆ ಹೋಗುತ್ತಿದ್ದರಂತೆ. ತಾನು ಬಡತನದಲ್ಲಿದ್ದೆ ಎಂದು ಅಲ್ಲಿ ಅವರು ಹೇಳುವುದಿಲ್ಲ. ಬೆಲೆ, ವಾರ, ದೂರ ಇಷ್ಟನ್ನೇ ಕೊಡುತ್ತಾರೆ. ಹಸಿವು ಎಷ್ಟಿತ್ತು ಎಂಬ ಲೆಕ್ಕವನ್ನು ಕೇಳುವವರೇ ಹಾಕಿಕೊಳ್ಳುತ್ತಾರೆ.

ಸ್ಫೂರ್ತಿಯ ಮಾತನ್ನು ಬರೆಯುವವರಿಗೆ ಬೇಕಾದ ಪಾಠ ಇಲ್ಲಿದೆ. ಕಾಲೇಜಿನ ವೇದಿಕೆಗಿರಲಿ, ಮೊಬೈಲಿನ ವಿಡಿಯೊಗಿರಲಿ, ಎರಡು ನಿಮಿಷದ ಸ್ವಗತಕ್ಕೆ ಸುಮಾರು ಇನ್ನೂರು ಪದ ಸಾಕು. ಅಷ್ಟರಲ್ಲಿ ಇಡೀ ಜೀವನಚರಿತ್ರೆ ಹಿಡಿಸುವುದಿಲ್ಲ, ಒಂದು ವಿವರ ಹಿಡಿಸುತ್ತದೆ.

ಪಿಯುಸಿಯಲ್ಲಿ ಫಿಸಿಕ್ಸ್ ಫೇಲಾಗಿ, ಆಮೇಲೆ ಪಾಸಾದ ಹುಡುಗನೊಬ್ಬ ತನ್ನ ಕಾಲೇಜಿನ ಮಕ್ಕಳ ಮುಂದೆ ಮಾತಾಡಬೇಕಿದೆ ಎಂದುಕೊಳ್ಳೋಣ. ಮೊದಲ ಕರಡಿನಲ್ಲಿ ಅವನು ಸೋಲೇ ಗೆಲುವಿನ ಮೆಟ್ಟಿಲು, ಛಲ ಬಿಡಬೇಡಿ ಎಂದು ಬರೆದಿರುತ್ತಾನೆ. ಇದನ್ನು ಪರೀಕ್ಷಿಸುವ ದಾರಿ ಸುಲಭ. ಆ ಹಾಳೆಯನ್ನು ಪಕ್ಕದಲ್ಲಿರುವವರ ಕೈಗೆ ಕೊಡಿ. ಒಂದಕ್ಷರ ಬದಲಿಸದೆ ಅವರೂ ಅದನ್ನು ತಮ್ಮದೆಂದು ಓದಬಹುದಾದರೆ ಆ ಕರಡು ಬಿದ್ದುಹೋಯಿತು. ಸವಕಲು ಮಾತು ಸುಳ್ಳೇ ಆಗಿರಬೇಕೆಂದಿಲ್ಲ. ಅದು ಯಾರ ಮಾತೂ ಅಲ್ಲ ಎಂಬುದೇ ಅದರ ತೊಂದರೆ.

ಈಗ ಅವನನ್ನು ‘ಆಗ ನಿನಗೆ ಹೇಗನ್ನಿಸಿತು’ ಎಂದು ಕೇಳಬಾರದು. ಕೇಳಿದರೆ ಬರುವ ಉತ್ತರ ‘ತುಂಬಾ ಬೇಜಾರಾಯ್ತು’. ‘ಆ ದಿನಗಳಲ್ಲಿ ನೀನು ಏನು ಮಾಡುತ್ತಿದ್ದೆ, ಯಾವುದನ್ನು ಮಾಡುವುದು ಬಿಟ್ಟಿದ್ದೆ’ ಎಂದು ಕೇಳಬೇಕು. ರಾತ್ರಿಯಿಡೀ ಓದಿದೆ, ಅಮ್ಮ ಅತ್ತರು, ಗೆಳೆಯರು ದೂರವಾದರು ಎಂದೆಲ್ಲ ಹೇಳಿ, ಕೊನೆಗೆ ಸ್ವಲ್ಪ ನಾಚಿಕೆಯಿಂದ ಇನ್ನೊಂದನ್ನು ಹೇಳುತ್ತಾನೆ: ಬಸ್ಸಿನಿಂದ ಒಂದು ಸ್ಟಾಪ್ ಮೊದಲೇ ಇಳಿಯುತ್ತಿದ್ದೆ. ಆರಿಸಬೇಕಾದ ವಿವರ ಇದೇ. ಇದರಲ್ಲಿ ಜಾಗವಿದೆ, ಕೆಲಸವಿದೆ, ಕಣ್ಣಿಗೆ ಕಾಣುತ್ತದೆ. ಮೇಲಾಗಿ ಹೇಳುವವನನ್ನು ಹೊಗಳುವುದಿಲ್ಲ, ಆದ್ದರಿಂದ ಕೇಳುವವರು ನಂಬುತ್ತಾರೆ. ರಾತ್ರಿಯಿಡೀ ಓದಿದೆ ಎಂಬುದನ್ನು ಯಾರು ಬೇಕಾದರೂ ಹೇಳಿಕೊಂಡಾರು.

ಎರಡನೆಯ ಕರಡಿನ ತಿರುಳು ಹೀಗಾಗಬಹುದು:

“ಫಿಸಿಕ್ಸ್ ಹೋದ ಮೇಲೆ ನಾನು ನಮ್ಮ ಸ್ಟಾಪಿನಲ್ಲಿ ಇಳಿಯೋದು ಬಿಟ್ಟೆ. ಅಲ್ಲೇ ಶೆಟ್ಟರ ಅಂಗಡಿ. ಶೆಟ್ಟರು ಎಲ್ಲರನ್ನೂ ಮಾತಾಡಿಸ್ತಾರೆ. ಒಂದು ಸ್ಟಾಪ್ ಮೊದಲೇ ಇಳಿದು, ಕೆರೆ ಏರಿ ಮೇಲೆ ನಡೆದು, ಹಿತ್ತಿಲ ಬಾಗಿಲಿಂದ ಮನೆ ಸೇರ್ತಿದ್ದೆ. ಒಂದು ಸಂಜೆ ಜೋರು ಮಳೆ. ಏರಿ ಮೇಲೆ ಕಾಲಿಡೋ ಹಾಗಿರಲಿಲ್ಲ. ನಮ್ಮ ಸ್ಟಾಪಿನಲ್ಲೇ ಇಳಿದೆ. ಶೆಟ್ಟರು ಕೇಳಿಯೇ ಕೇಳಿದ್ರು, ‘ಏನಪ್ಪಾ, ರಿಸಲ್ಟು?’ ‘ಫಿಸಿಕ್ಸ್ ಹೋಗಿದೆ, ಮತ್ತೆ ಕಟ್ಟಿದೀನಿ’ ಅಂದೆ. ‘ಹೌದಾ’ ಅಂತ ಸಕ್ಕರೆ ತೂಗೋಕೆ ಶುರು ಮಾಡಿದ್ರು. ಮಾರನೇ ದಿನದಿಂದ ಅಲ್ಲೇ ಇಳಿದೆ. ನಿಮ್ಮಲ್ಲಿ ಯಾರಾದ್ರೂ ಒಂದು ಸ್ಟಾಪ್ ಮೊದಲೇ ಇಳೀತಾ ಇದ್ರೆ, ನಾಳೆ ನಿಮ್ಮ ಸ್ಟಾಪಿನಲ್ಲಿ ಇಳೀರಿ.”

ವಿವರ ಮೊದಲ ವಾಕ್ಯದಲ್ಲೇ ಬಂದಿದೆ. ತಿರುವು ಬಂದದ್ದು ನಡೆದ ಸಂಗತಿಯಿಂದ, ಮನಸ್ಸು ದಿಢೀರನೆ ಬದಲಾದದ್ದರಿಂದಲ್ಲ. ಇಷ್ಟು ದಿನ ಹೆದರಿಸಿದ ಪ್ರಶ್ನೆಗೆ ಸಿಕ್ಕ ಪ್ರತಿಕ್ರಿಯೆ ಒಂದು ‘ಹೌದಾ’ ಮಾತ್ರ. ಕೇಳುವವರಿಗೆ ಧೈರ್ಯ ಬರುವುದು ಅಲ್ಲಿಯೇ. ನೇರ ಬುದ್ಧಿಮಾತಿಗೆ ಕೊನೆಯ ಒಂದೇ ವಾಕ್ಯ, ಅದೂ ಆ ವಿವರದ ಪದಗಳಲ್ಲೇ. ಅದರ ಮೇಲೆ ‘ಆತ್ಮವಿಶ್ವಾಸವೇ ಎಲ್ಲಕ್ಕೂ ಮೂಲ’ ಎಂದು ಸೇರಿಸಿದರೆ ಕಟ್ಟಿದ್ದೆಲ್ಲ ಕುಸಿಯುತ್ತದೆ.

ಸಾಮಾನ್ಯವಾಗಿ ಕೆಡುವುದು ವಿವರಗಳನ್ನು ಪೇರಿಸಿದಾಗ. ಅಮ್ಮನ ಕಣ್ಣೀರು, ಸಾಲ, ಕರೆಂಟಿಲ್ಲದ ಮನೆ ಎಲ್ಲವೂ ಒಟ್ಟಿಗೆ ಬಂದರೆ ಸಭೆ ಮರುಕಪಡುತ್ತದೆ, ಆದರೆ ಮಕ್ಕಳು ಅದರಲ್ಲಿ ತಮ್ಮನ್ನು ಕಾಣುವುದಿಲ್ಲ. ಕೆಟ್ಟಿದೆಯೇ ಎಂದು ತಿಳಿಯಲು ಒಬ್ಬರಿಗೆ ಓದಿ ಹೇಳಿ, ಮರುದಿನ ಏನು ನೆನಪಿದೆ ಎಂದು ಕೇಳಿ. ಬಸ್ ಸ್ಟಾಪು, ಶೆಟ್ಟರು ಎಂದರೆ ಸರಿ. ‘ಚೆನ್ನಾಗಿತ್ತು’ ಎಂದಷ್ಟೇ ಹೇಳಿದರೆ ಮತ್ತೆ ಬರೆಯಬೇಕು.

ವಿವರ ನಿಜವೇ ಆಗಿರಬೇಕು. ಕಟ್ಟಿದ್ದಾದರೆ ‘ಯಾವ ಕೆರೆ’ ಎಂಬ ಮೊದಲ ಪ್ರಶ್ನೆಗೇ ಹೇಳುವವನು ತಡವರಿಸುತ್ತಾನೆ. ಅದು ಅವನದೇ ಆಗಿರುವುದು ಕೂಡ ಅಷ್ಟೇ ಮುಖ್ಯ. ಅಪ್ಪನ ಕುಡಿತವೋ, ಅಕ್ಕನ ಮುರಿದ ಮದುವೆಯೋ ಮಾತಿನಲ್ಲಿ ಬರುವುದಾದರೆ ವೇದಿಕೆಗೆ ಹೋಗುವ ಮುಂಚೆ ಅವರೆದುರು ಓದಬೇಕು. ಅವರು ಬೇಡವೆಂದರೆ ಬೇರೆ ವಿವರ ಹುಡುಕಬೇಕು.